ದೋಸೆ ಹಿಟ್ಟಿನ ಲೆಕ್ಕ ಪ್ಯಾನ್‌ಕೇಕಿಗೆ ಹೊಂದದು

ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿ ಬಂದು, ಉಬ್ಬಿ, ಪಾತ್ರೆಯ ಅಂಚು ಮುಟ್ಟಿರಬೇಕು. ಇದು ನಮ್ಮ ಅಡುಗೆಮನೆಗಳಲ್ಲಿ ಯಾರೂ ಪ್ರಶ್ನಿಸದ ಪಾಠ. ಅದೇ ಲೆಕ್ಕವನ್ನು ಪ್ಯಾನ್‌ಕೇಕಿಗೂ ಹಾಕುವವರು ಕಡಿಮೆಯೇನಿಲ್ಲ. ಭಾನುವಾರ ಮಕ್ಕಳಿಗೆಂದು ಕಲಸಿದ್ದರಲ್ಲಿ ಅರ್ಧ ಉಳಿಯುತ್ತದೆ. ಅದು ಫ್ರಿಜ್ಜಿಗೆ ಹೋಗುತ್ತದೆ, ಸೋಮವಾರ ಬೆಳಿಗ್ಗೆ ಕಾವಲಿಗೆ ಬರುತ್ತದೆ. ಹಿಂದಿನ ದಿನ ಬೆರಳಿನ ದಪ್ಪಕ್ಕೆ ಎದ್ದು ನಿಂತಿದ್ದ ಪ್ಯಾನ್‌ಕೇಕ್ ಈಗ ಚಪ್ಪಟೆ, ಜಗಿದರೆ ರಬ್ಬರು. ಹಿಟ್ಟು ಕೆಟ್ಟಿಲ್ಲ, ವಾಸನೆಯೂ ಇಲ್ಲ. ಅದರೊಳಗಿನ ಗಾಳಿ ಮಾತ್ರ ಖಾಲಿಯಾಗಿದೆ.

ದೋಸೆ ಹಿಟ್ಟಿನಲ್ಲಿ ಜೀವವಿದೆ. ಅಕ್ಕಿ ಉದ್ದಿನ ಜೊತೆಗೆ ಬಂದ ಬ್ಯಾಕ್ಟೀರಿಯಾಗಳು ರಾತ್ರಿಯಿಡೀ ಹಿಟ್ಟನ್ನು ತಿನ್ನುತ್ತ ಗಾಳಿಯನ್ನು ಹೊಸದಾಗಿ ಹುಟ್ಟಿಸುತ್ತಲೇ ಇರುತ್ತವೆ. ಅಮೆರಿಕದ ಮನೆಗಳಲ್ಲಿ ಬೆಳಗಿನ ತಿಂಡಿಯಾಗಿ ಬೆಳೆದ ದಪ್ಪ ಪ್ಯಾನ್‌ಕೇಕ್ ಉಬ್ಬುವುದು ಅಡುಗೆ ಸೋಡಾ ಇಲ್ಲವೇ ಬೇಕಿಂಗ್ ಪೌಡರಿನಿಂದ. ಅಲ್ಲಿ ಗಾಳಿಯ ದಾಸ್ತಾನು ಇಷ್ಟೇ ಎಂದು ಚಮಚ ಅಳೆದಾಗಲೇ ಗೊತ್ತುಮಾಡಿ ಆಗಿರುತ್ತದೆ. ಅದು ಮುಗಿದರೆ ಮುಗಿಯಿತು. ಹಾಗೆಂದು ಕಲಸಿದ ಕ್ಷಣವೇ ಹುಯ್ದರೂ ಒಳ್ಳೆಯ ಪ್ಯಾನ್‌ಕೇಕ್ ಆಗುವುದಿಲ್ಲ, ಏಕೆಂದರೆ ಮೈದಾ ನೀರು ಕುಡಿಯಲು ಒಂದಿಷ್ಟು ಹೊತ್ತು ಬೇಕು. ಮೈದಾ ನೆನೆಯಬೇಕು, ಆದರೆ ಅಷ್ಟರಲ್ಲಿ ಗಾಳಿ ಓಡಿಹೋಗಬಾರದು. ಹಿಟ್ಟನ್ನು ಎಷ್ಟು ಹೊತ್ತು ಇಡಬೇಕು, ಯಾವುದರಿಂದ ಉಬ್ಬಿಸಬೇಕು ಎಂಬ ಎರಡು ಪ್ರಶ್ನೆಗಳನ್ನು ಆದ್ದರಿಂದ ಒಟ್ಟಿಗೇ ಬಿಡಿಸಬೇಕಾಗುತ್ತದೆ. ನಡುವೆ ಮೆತ್ತಗಿರಬೇಕೇ, ಅಂಚು ಗರಿಗರಿಯಾಗಬೇಕೇ ಎಂಬುದೂ ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಕಾಲು ಚಮಚದ ಕರಾಮತ್ತು

ಅಡುಗೆ ಸೋಡಾ ಕ್ಷಾರ. ಅದಕ್ಕೆ ಮೊಸರು, ಮಜ್ಜಿಗೆ, ನಿಂಬೆರಸದಂಥ ಹುಳಿ ತಾಗಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಕಾಲು ಟೀ ಚಮಚ ಎಂದರೆ ಸುಮಾರು 1.2 ಗ್ರಾಂ ಸೋಡಾ. ಅದು ಪೂರ್ತಿ ಕರಗಿ ಹುಳಿಯೊಂದಿಗೆ ಸೇರಿದರೆ 300 ಮಿಲಿಲೀಟರಿಗೂ ಹೆಚ್ಚು ಗಾಳಿ ಹೊರಡುತ್ತದೆ. ಒಂದು ಕಪ್ ಮೈದಾದ ಹಿಟ್ಟೇ 400 ಮಿಲಿಲೀಟರಿನ ಆಸುಪಾಸು ಇರುವಾಗ ಇಷ್ಟು ಗಾಳಿ ಬೇಕಾದಷ್ಟಾಯಿತು. ತೊಂದರೆಯೆಂದರೆ ಅದು ನಮಗಾಗಿ ಕಾಯುವುದಿಲ್ಲ. ಹುಳಿ ತಾಗಿದ ಮೊದಲ ಕೆಲವು ನಿಮಿಷಗಳಲ್ಲೇ ಬಹುಪಾಲು ಹೊರಟು, ಮೇಲೆ ಗುಳ್ಳೆಯಾಗಿ ಬಂದು ಒಡೆದುಹೋಗುತ್ತದೆ.

ಬೇಕಿಂಗ್ ಪೌಡರಿನಲ್ಲಿ ಸೋಡಾ ಮತ್ತು ಹುಳಿ ಎರಡೂ ಪುಡಿಯ ರೂಪದಲ್ಲಿ ಒಟ್ಟಿಗಿರುತ್ತವೆ. ತೇವ ತಾಗಿ ಡಬ್ಬಿಯಲ್ಲೇ ಕೆಲಸ ಶುರುವಾಗದಂತೆ ಜೊತೆಗೆ ಜೋಳದ ಗಂಜಿಪುಡಿ ಸೇರಿರುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ರಸಾಯನ ತಜ್ಞ 1843ರಲ್ಲಿ ಇಂಥ ಪುಡಿಯೊಂದನ್ನು ತಯಾರಿಸಿದ. ಅವನ ಹೆಂಡತಿಗೆ ಯೀಸ್ಟ್ ಒಗ್ಗುತ್ತಿರಲಿಲ್ಲ. ಆಕೆಗೂ ಉಬ್ಬಿದ ಬ್ರೆಡ್ ಸಿಗಲಿ ಎಂಬುದೇ ಆ ಪ್ರಯತ್ನದ ಹಿಂದಿನ ಕಾರಣ. ಆ ಕಾಲದ ಪುಡಿಗಳಲ್ಲಿ ಹುಳಿಯಾಗಿ ಬಳಕೆಯಲ್ಲಿದ್ದದ್ದು ಕ್ರೀಮ್ ಆಫ್ ಟಾರ್ಟರ್, ಎಂದರೆ ದ್ರಾಕ್ಷಾರಸದ ಪೀಪಾಯಿಗಳ ಒಳಗೋಡೆಗೆ ಕಟ್ಟುವ ಹರಳು. ಅದಕ್ಕೆ ನೀರು ತಾಗಿದರೆ ಸಾಕು, ಗಾಳಿ ಶುರು. ಅಮೆರಿಕದಲ್ಲಿ ಹಾರ್ವರ್ಡಿನ ರಸಾಯನಶಾಸ್ತ್ರಜ್ಞ ಎಬೆನ್ ಹಾರ್ಸ್‌ಫರ್ಡ್ 1856ರಲ್ಲಿ ಕ್ಯಾಲ್ಸಿಯಂ ಫಾಸ್ಫೇಟನ್ನು ಆ ಜಾಗಕ್ಕೆ ತಂದ. ಅದೂ ಒದ್ದೆಯಾದ ಕೂಡಲೇ ಎದ್ದೇಳುವಂಥದ್ದೇ. ಆ ದಿನಗಳ ಅಡಿಗೆಯವರು ಹಿಟ್ಟು ಕಲಸಿದ ಮೇಲೆ ತಡಮಾಡುವಂತಿರಲಿಲ್ಲ.

ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಬಂದ ಅಲ್ಯೂಮಿನಿಯಂ ಲವಣಗಳು ಈ ಆತುರವನ್ನು ತಗ್ಗಿಸಿದವು. ಇವು ತಣ್ಣನೆಯ ಹಿಟ್ಟಿನಲ್ಲಿ ಬಹುಮಟ್ಟಿಗೆ ಸುಮ್ಮನಿದ್ದು, ಕಾವು ತಾಗಿದ ಮೇಲೆ ಸೋಡಾದೊಂದಿಗೆ ಸೇರುತ್ತವೆ. ಬೇಗ ಏಳುವ ಒಂದು ಹುಳಿ, ಬಿಸಿಯಾದ ಮೇಲೆ ಏಳುವ ಇನ್ನೊಂದು ಹುಳಿ ಎರಡನ್ನೂ ಸೇರಿಸಿದ ಪುಡಿಗೆ ಡಬಲ್ ಆಕ್ಷನ್ ಎಂಬ ಹೆಸರು. ಕಲಸುವಾಗ ಒಂದಿಷ್ಟು ಗಾಳಿ ಬರುತ್ತದೆ, ಕಾವಲಿಯ ಮೇಲೆ ಉಳಿದದ್ದು ಬರುತ್ತದೆ. ಹಿಟ್ಟನ್ನು ಸ್ವಲ್ಪ ಹೊತ್ತು ಇಡುವ ಸ್ವಾತಂತ್ರ್ಯ ಅಡಿಗೆಯವರಿಗೆ ಸಿಕ್ಕಿದ್ದು ಇದರಿಂದ.

ನಿಮ್ಮ ಮನೆಯ ಡಬ್ಬಿ ಯಾವ ಜಾತಿಯದು ಎಂದು ತಿಳಿಯಲು ಅದರ ಹಿಂಬದಿಯ ಸಣ್ಣಕ್ಷರ ಓದಬೇಕು. ಅಲ್ಲಿ ಪದಾರ್ಥಗಳನ್ನು ಐಎನ್‌ಎಸ್ ಸಂಖ್ಯೆಗಳಲ್ಲಿ ಬರೆದಿರುತ್ತಾರೆ. 500 ಎಂದರೆ ಸೋಡಾ. 341 ಮತ್ತು 336 ಬೇಗ ಏಳುವ ಹುಳಿಗಳು. 450, 521 ಅಥವಾ 541 ಇದ್ದರೆ ಕಾವಲಿಯ ಕಾವಿಗೆ ಎಂದು ಒಂದು ಪಾಲು ಗಾಳಿ ಮೀಸಲಿದೆ ಎಂದು ತಿಳಿಯಬಹುದು. ಡಬ್ಬಿ ಹಳೆಯದಾಗಿದ್ದರೆ ಒಂದು ಚಮಚ ಪುಡಿಯನ್ನು ಅರ್ಧ ಲೋಟ ಬಿಸಿನೀರಿಗೆ ಹಾಕಿ ನೋಡಿ. ಭರ್ರೆಂದು ನೊರೆ ಏಳದಿದ್ದರೆ ಅದನ್ನು ಎಸೆಯುವುದೇ ಸರಿ. ಎರಡು ಚಮಚ ಹೆಚ್ಚಿಗೆ ಹಾಕಿ ಸರಿದೂಗಿಸಲು ಹೋದರೆ ಉಬ್ಬುವ ಬದಲು ಕಹಿ ಹೆಚ್ಚುತ್ತದೆ.

ಹತ್ತು ನಿಮಿಷ ಏಕೆ

ಮೈದಾಕ್ಕೆ ನೀರು ಸೇರಿದೊಡನೆ ಎರಡು ಕೆಲಸ ನಡೆಯುತ್ತವೆ. ಅದರೊಳಗಿನ ಪ್ರೋಟೀನ್ ನೀರು ಹೀರಿ ಎಳೆಯೆಳೆಯಾಗಿ ಹೆಣೆದುಕೊಂಡು ಗ್ಲುಟೆನ್ ಆಗುತ್ತದೆ. ಬೀಸುವಾಗ ಒಡೆದ ಗಂಜಿಯ ಕಣಗಳೂ ನೀರು ಹೀರಿ ಊದಿಕೊಳ್ಳುತ್ತವೆ. ಗ್ಲುಟೆನ್ ಸ್ವಲ್ಪ ಇದ್ದರೆ ಗಾಳಿಯನ್ನು ಹಿಡಿದಿಡುವ ಬಲೆಯಾಗುತ್ತದೆ, ಹೆಚ್ಚಾದರೆ ಜಗಿಯಬೇಕಾದ ನಾರು. ಕೈ ಆಡಿಸಿದಷ್ಟೂ ಅದು ಬಲಿಯುತ್ತದೆ. ಗಂಟೇ ಇಲ್ಲದಂತೆ ನುಣ್ಣಗೆ ಕಡೆದ ಹಿಟ್ಟು ನೋಡಲು ಚೆಂದ, ಪ್ಯಾನ್‌ಕೇಕ್ ಮಾತ್ರ ಗಟ್ಟಿ.

ಆದ್ದರಿಂದ ಒಣ ಮೈದಾ ಕಾಣದಂತಾದ ಕೂಡಲೇ ಸೌಟನ್ನು ಕೆಳಗಿಡಬೇಕು. ಕಡಲೆಕಾಳಿನ ಗಾತ್ರದ ಗಂಟುಗಳು ಅಲ್ಲಲ್ಲಿ ಉಳಿದಿರುತ್ತವೆ, ಇರಲಿ. ಅವುಗಳಿಗಾಗಿಯೇ ಈ ಹತ್ತು ನಿಮಿಷ. ಸುತ್ತಲಿನ ನೀರು ಗಂಟಿನೊಳಕ್ಕೆ ನಿಧಾನವಾಗಿ ಇಳಿದು ಅದನ್ನು ಸಡಿಲಿಸುತ್ತದೆ. ಕೈ ಮಾಡಬೇಕಾದ ಕೆಲಸವನ್ನು ನೀರೇ ಮಾಡಿಬಿಡುತ್ತದೆ, ಗ್ಲುಟೆನ್ ಬಲಿಯುವುದಿಲ್ಲ. ಕಣಗಳು ಊದಿದ್ದರಿಂದ ಹಿಟ್ಟು ಮೊದಲಿಗಿಂತ ಮಂದವಾಗುತ್ತದೆ. ಮಂದ ಹಿಟ್ಟಿನಲ್ಲಿ ಗುಳ್ಳೆ ಮೇಲೇಳುವುದು ನಿಧಾನ, ಹಾಗಾಗಿ ಗಾಳಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟೊಂದಿದೆ. ಹತ್ತು ನಿಮಿಷದ ಬಳಿಕ ಹಿಟ್ಟು ಮಂದವಾಗಿದೆಯಲ್ಲ ಎಂದು ಇನ್ನೊಂದಿಷ್ಟು ಹಾಲು ಹುಯ್ದು ಮತ್ತೆ ಕದಡುವುದು. ಹಾಗೆ ಮಾಡಿದರೆ ಹಿಡಿದಿಟ್ಟ ಗುಳ್ಳೆಗಳೂ ಹೋದವು, ಗ್ಲುಟೆನೂ ಬಲಿಯಿತು. ಸೌಟಿನಿಂದ ಹುಯ್ದ ಹಿಟ್ಟು ತಾನಾಗಿ ಅಂಗೈಯಗಲ ಹರಡಿ ನಿಲ್ಲಬೇಕು, ಅದು ಸರಿಯಾದ ಹದ. ಸೌಟಿನ ಬೆನ್ನಿನಿಂದ ತಿಕ್ಕಿ ಹರಡಿಸುವ ಹವ್ಯಾಸವನ್ನು ಇಲ್ಲಿ ಮರೆಯಬೇಕು.

ಎಷ್ಟು ಹೊತ್ತು ಇಡಬಹುದು ಎಂಬುದಕ್ಕೆ ಉತ್ತರ ಯಾವುದರಿಂದ ಉಬ್ಬಿಸುತ್ತೀರಿ ಎನ್ನುವುದರ ಮೇಲಿದೆ. ಬರೀ ಸೋಡಾ ಮತ್ತು ಮೊಸರಿನ ಹಿಟ್ಟಾದರೆ ಐದರಿಂದ ಹತ್ತು ನಿಮಿಷ. ಡಬಲ್ ಆಕ್ಷನ್ ಪೌಡರ್ ಸೇರಿದ್ದರೆ ಹದಿನೈದು, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಅರ್ಧ ಗಂಟೆ ದಾಟಿದ ಸೋಡಾ ಹಿಟ್ಟಿನಿಂದ ಹುಯ್ದ ಪ್ಯಾನ್‌ಕೇಕನ್ನು ಮೊದಲಿನದರ ಪಕ್ಕದಲ್ಲಿಟ್ಟರೆ ಎತ್ತರದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಉಬ್ಬಿಸುವ ಪದಾರ್ಥವೇ ಇಲ್ಲದ ಫ್ರಾನ್ಸಿನ ಕ್ರೇಪ್ ಇದಕ್ಕೆ ತದ್ವಿರುದ್ಧ. ಅದರ ನೀರಾದ ಹಿಟ್ಟನ್ನು ಒಂದು ಗಂಟೆ ಇಟ್ಟರೂ ನಷ್ಟವಿಲ್ಲ. ಕಡೆಯುವಾಗ ಸೇರಿದ ಗಾಳಿಯೆಲ್ಲ ಹೊರಟುಹೋಗಲಿ, ಗ್ಲುಟೆನ್ ಸಡಿಲಗೊಂಡು ಹಿಟ್ಟು ಕಾಗದದಷ್ಟು ತೆಳುವಾಗಿ ಹರಡಲಿ ಎಂದೇ ಅಲ್ಲಿ ಕಾಯುತ್ತಾರೆ.

ಒಂದು ಕಪ್ ಮೈದಾದ ಲೆಕ್ಕ

ಅಮೆರಿಕದ ಪಾಕಪುಸ್ತಕಗಳಲ್ಲಿ ಬರುವ ಬಟರ್‌ಮಿಲ್ಕ್ ಎಂಬುದನ್ನು ನಮ್ಮ ಮಜ್ಜಿಗೆ ಎಂದುಕೊಂಡರೆ ಹಿಟ್ಟು ನೀರಾಗುತ್ತದೆ. ಅಲ್ಲಿ ಅಂಗಡಿಯಲ್ಲಿ ಸಿಗುವುದು ಹೆಪ್ಪುಹಾಕಿ ತಯಾರಿಸಿದ, ನೀರು ಬೆರೆಸದ, ಮಂದನೆಯ ಪದಾರ್ಥ. ಮುಕ್ಕಾಲು ಕಪ್ ಮೊಸರಿಗೆ ಕಾಲು ಕಪ್ ಹಾಲು ಸೇರಿಸಿ ಕಡೆದರೆ ಅದರ ಹದಕ್ಕೆ ಬರುತ್ತದೆ. ಅಲ್ಲಿ ನೆಲೆಸಿದ ಕನ್ನಡಿಗರು ಊರಿಗೆ ಬಂದಾಗ ತಮ್ಮ ಅಳತೆ ಇಲ್ಲಿ ಕೈಕೊಡುವುದನ್ನು ಕಂಡಿದ್ದರೆ ಕಾರಣ ಇದೇ ಇರಬಹುದು.

ಒಂದು ಕಪ್, ಎಂದರೆ 125 ಗ್ರಾಂ ಮೈದಾ ತೆಗೆದುಕೊಳ್ಳಿ. ಅದಕ್ಕೆ ಒಂದು ದೊಡ್ಡ ಚಮಚ ಸಕ್ಕರೆ, ಒಂದು ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಸೋಡಾ, ಕಾಲು ಟೀ ಚಮಚ ಉಪ್ಪು ಸೇರಿಸಿ ಜರಡಿ ಹಿಡಿಯಿರಿ. ಜರಡಿ ಹಿಡಿಯುವುದು ಶಾಸ್ತ್ರಕ್ಕಲ್ಲ. ಸೋಡಾದ ಸಣ್ಣ ಗಂಟು ಉಳಿದರೆ ಅದು ಬಿದ್ದಲ್ಲೆಲ್ಲ ಕಂದು ಚುಕ್ಕೆಯಾಗಿ, ಬಾಯಿಗೆ ಸೋಪಿನ ರುಚಿ ಬರುತ್ತದೆ. ಇನ್ನೊಂದು ಪಾತ್ರೆಯಲ್ಲಿ ಮೊಸರು ಹಾಲಿನ ಮಿಶ್ರಣ ಒಂದು ಕಪ್, ಒಂದು ಮೊಟ್ಟೆ, ಕರಗಿಸಿ ಆರಿಸಿದ ಒಂದೂವರೆ ದೊಡ್ಡ ಚಮಚ ಬೆಣ್ಣೆ. ಒದ್ದೆಯನ್ನು ಒಣದ ಮೇಲೆ ಸುರಿದು, ಸೌಟನ್ನು ತಳದಿಂದ ಮೇಲಕ್ಕೆ ಮಗುಚುವಂತೆ ಹತ್ತು ಹನ್ನೆರಡು ಸಲ ಆಡಿಸಿದರೆ ಸಾಕು. ಆಮೇಲೆ ಹತ್ತು ನಿಮಿಷ ಮುಚ್ಚಿಡಿ.

ಇಲ್ಲಿ ಸೋಡಾ ಮತ್ತು ಪೌಡರ್ ಎರಡೂ ಏಕೆ? ಒಂದು ಕಪ್ ಬಟರ್‌ಮಿಲ್ಕಿನ ಹುಳಿಯನ್ನು ಪೂರ್ತಿ ಅಡಗಿಸಲು ಸುಮಾರು ಅರ್ಧ ಟೀ ಚಮಚ ಸೋಡಾ ಬೇಕು. ನಾವು ಹಾಕಿರುವುದು ಅದರಲ್ಲಿ ಅರ್ಧ. ಹಾಗಾಗಿ ಮೊಸರಿನ ತೆಳುವಾದ ಹುಳಿ ಬಾಯಿಗೆ ಉಳಿಯುತ್ತದೆ. ಸೋಡಾ ಕಲಸುವಾಗಲೇ ತನ್ನ ಕೆಲಸ ಮಾಡಿ ಹಿಟ್ಟಿಗೆ ಸಣ್ಣ ಗುಳ್ಳೆಗಳನ್ನು ತುಂಬುತ್ತದೆ. ಕಾವಲಿಗೆ ಬಿದ್ದ ಮೇಲಿನ ಎರಡನೆಯ ಉಬ್ಬು ಪೌಡರಿನ ಪಾಲು. ಸೋಡಾಕ್ಕೆ ಇನ್ನೊಂದು ಗುಣವಿದೆ. ಹುಳಿ ತಗ್ಗಿದಷ್ಟೂ ಹಿಟ್ಟಿನ ಮೈ ಬೇಗ ಕೆಂಪಗಾಗುತ್ತದೆ. ಸೋಡಾ ಮರೆತ ಮೊಸರಿನ ಪ್ಯಾನ್‌ಕೇಕ್ ಬೆಂದರೂ ಬಿಳಿಚಿಕೊಂಡೇ ಇರುತ್ತದೆ, ಸೋಡಾ ಹೆಚ್ಚಾದದ್ದು ಒಳಗೆ ಬೇಯುವ ಮೊದಲೇ ಕಪ್ಪಗಾಗುತ್ತದೆ.

ಮೊಟ್ಟೆ ತಿನ್ನದವರು ಮೊಟ್ಟೆಯನ್ನು ಬಿಟ್ಟು, ಎರಡು ದೊಡ್ಡ ಚಮಚ ಹಾಲು ಹೆಚ್ಚಿಗೆ ಹಾಕಬಹುದು. ಉಬ್ಬಿದ ಗುಳ್ಳೆಯ ಗೋಡೆಯನ್ನು ಕಾವಿನಲ್ಲಿ ಗಟ್ಟಿಗೊಳಿಸುವುದರಲ್ಲಿ ಮೊಟ್ಟೆಗೆ ದೊಡ್ಡ ಪಾಲಿದೆ. ಅದಿಲ್ಲದ ಪ್ಯಾನ್‌ಕೇಕ್ ಸ್ವಲ್ಪ ತಗ್ಗಾಗುತ್ತದೆ, ಮಗುಚುವಾಗ ಮುರಿಯುವ ಸ್ವಭಾವವೂ ಹೆಚ್ಚು. ಅಂಥಾಗ ಚಿಕ್ಕ ಚಿಕ್ಕದಾಗಿ ಹುಯ್ಯುವುದು ಜಾಣತನ.

ಕಾವಲಿಯ ಮೇಲಿನ ಓಟ

ಹಿಟ್ಟು ಕಾವಲಿಗೆ ಬಿದ್ದ ಮೇಲೆ ನಡೆಯುವುದು ಒಂದು ಓಟ. ಗುಳ್ಳೆಗಳು ಬಿಸಿಗೆ ಹಿಗ್ಗುತ್ತ ಹಿಟ್ಟನ್ನು ಮೇಲೆತ್ತುತ್ತವೆ. ಅತ್ತ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಗಂಜಿ ಮತ್ತು ಮೊಟ್ಟೆ ಗಟ್ಟಿಯಾಗತೊಡಗುತ್ತವೆ. ಗಾಳಿ ತುಂಬಿರುವಾಗಲೇ ಗೋಡೆ ಗಟ್ಟಿಯಾದರೆ ಮೆತ್ತನೆಯ ನಡು ಸಿದ್ಧ. ಕಾವು ಕಡಿಮೆಯಿದ್ದರೆ ಗೋಡೆ ಗಟ್ಟಿಯಾಗುವುದು ತಡವಾಗಿ ಗಾಳಿ ಪಾರಾಗುತ್ತದೆ. ಕಾವು ಹೆಚ್ಚಾದರೆ ತಳ ಸುಟ್ಟು, ನಡು ಹಸಿಹಸಿ ಅಂಟಾಗಿ ಉಳಿಯುತ್ತದೆ. ಕಾವಲಿಯ ಮೈ 175ರಿಂದ 190 ಡಿಗ್ರಿಯ ನಡುವೆ ಇರಬೇಕು. ಉಷ್ಣಮಾಪಕ ಇಲ್ಲದವರು ಚಿಮುಕಿಸಿದ ನೀರ ಹನಿ ಸುಮ್ಮನೆ ಕುದಿಯದೆ ಪುಟಿದು ಓಡುವುದನ್ನು ನೋಡಿ, ಉರಿಯನ್ನು ಮಧ್ಯಮಕ್ಕಿಂತ ಒಂದಿಷ್ಟು ಕೆಳಗಿಳಿಸಿದರೆ ಆಯಿತು.

ಕಾಲು ಕಪ್ ಹಿಟ್ಟು ಹುಯ್ದು ಸುಮ್ಮನೆ ನೋಡುತ್ತಿರಿ. ಮೊದಲು ಮೇಲ್ಮೈಯಲ್ಲಿ ಬರುವ ಗುಳ್ಳೆ ಒಡೆದ ಜಾಗವನ್ನು ಹಸಿ ಹಿಟ್ಟು ಹರಿದು ಮುಚ್ಚುತ್ತದೆ. ಇನ್ನೂ ಹೊತ್ತಾಗಿಲ್ಲ ಎಂದರ್ಥ. ಸುಮಾರು ಎರಡು ನಿಮಿಷದ ಬಳಿಕ ಒಡೆದ ಗುಳ್ಳೆ ತೂತಾಗಿಯೇ ಉಳಿಯುತ್ತದೆ, ಅಂಚಿನ ಹೊಳಪು ಮಾಸುತ್ತದೆ. ಮಗುಚಬೇಕಾದದ್ದು ಆಗ. ಎರಡನೆಯ ಬದಿಗೆ ಮೊದಲಿನ ಅರ್ಧದಷ್ಟು ಸಮಯ ಸಾಕು. ಮಗುಚಿದ ಮೇಲೆ ಸಟ್ಟುಗದಿಂದ ಒತ್ತುವುದು ಮಹಾಪರಾಧ. ಅಷ್ಟು ಹೊತ್ತು ಕಾಪಾಡಿದ ಗಾಳಿಯನ್ನು ಕೈಯಾರೆ ಹಿಂಡಿದಂತೆ ಅದು.

ಇದೇ ಹಿಟ್ಟಿನಲ್ಲಿ ಅಂಚು ಗರಿಗರಿಯಾಗಬೇಕಾದರೆ ಕಾವಲಿಗೆ ಬೀಳುವ ಜಿಡ್ಡು ಬದಲಾಗಬೇಕು. ಒಣ ಕಾವಲಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಒರೆಸಿದರೆ ಮೈಯೆಲ್ಲ ಒಂದೇ ಬಣ್ಣದ, ಅಂಚು ಮೆತ್ತಗಿನ ಪ್ಯಾನ್‌ಕೇಕ್ ಬರುತ್ತದೆ. ಒಂದು ಚಮಚ ಜಿಡ್ಡು ನಿಲ್ಲಿಸಿ ಅದರೊಳಗೆ ಹುಯ್ದರೆ, ಹಿಟ್ಟಿನ ತೆಳುವಾದ ಅಂಚು ಅದರಲ್ಲಿ ಕರಿದಂತಾಗಿ ನೀರನ್ನೆಲ್ಲ ಕಳೆದುಕೊಳ್ಳುತ್ತದೆ. ಸುತ್ತ ಕಂದು ಬಣ್ಣದ ಜಾಲರಿ ಕಟ್ಟುತ್ತದೆ. ಮಧ್ಯಭಾಗ ದಪ್ಪವಿರುವುದರಿಂದ ಮೆತ್ತಗೇ ಉಳಿಯುತ್ತದೆ. ಬೆಣ್ಣೆಯಲ್ಲಿ ಹಾಲಿನ ಅಂಶ ಇರುವುದರಿಂದ ಎರಡು ಸುತ್ತಿಗೆಲ್ಲ ಕಪ್ಪಗಾಗುತ್ತದೆ. ಆ ಅಂಶವನ್ನು ಕಾಯಿಸಿ ಸೋಸಿದ ತುಪ್ಪ ಈ ಕೆಲಸಕ್ಕೆ ಬೆಣ್ಣೆಗಿಂತ ಮೇಲು. ಆದರೆ ಮಂದ ಹಿಟ್ಟಿನಲ್ಲಿ ಗರಿ ಎಂಬುದು ಅಂಚಿಗಷ್ಟೇ ದಕ್ಕುವ ಭಾಗ್ಯ. ಮೈಯೆಲ್ಲ ಗರಿಯಾಗಬೇಕೆಂದರೆ ಹಿಟ್ಟನ್ನೇ ಬೇರೆ ಕಲಸಬೇಕು, ಪಾತ್ರೆಯೂ ಬೇರೆ ಬೇಕು.

ವಾಫಲ್: ನೀರನ್ನು ಹೊರಗಟ್ಟುವ ಕಲೆ

ವಾಫಲ್ ಎಂದರೆ ಎರಡು ಬಿಸಿ ಅಚ್ಚುಗಳ ನಡುವೆ ಬೇಯುವ, ಚೌಕುಳಿ ಚೌಕುಳಿ ಗುಳಿಗಳಿರುವ ತಿಂಡಿ. ಈಗ ಬೆಂಗಳೂರು, ಮೈಸೂರಿನ ಅಂಗಡಿಗಳಲ್ಲೂ ಸಿಗುತ್ತದೆ. ಗುಳಿಗಳಿಂದಾಗಿ ಬಿಸಿ ತಾಗುವ ಮೈ ಹೆಚ್ಚು, ಎರಡೂ ಬದಿ ಒಟ್ಟಿಗೇ ಬೇಯುತ್ತದೆ. ಪ್ಯಾನ್‌ಕೇಕಿನ ಹಿಟ್ಟನ್ನೇ ಇದಕ್ಕೆ ಹುಯ್ದರೆ ಆಕಾರವೇನೋ ವಾಫಲಿನದು ಬರುತ್ತದೆ, ತಟ್ಟೆಗೆ ಬಂದ ಎರಡು ನಿಮಿಷಕ್ಕೆ ಸೊರಗುತ್ತದೆ. ಗರಿಗರಿ ಎನ್ನುವುದು ಹೊರಪದರದಲ್ಲಿ ನೀರು ಉಳಿಯದಿದ್ದರೆ ಮಾತ್ರ ಬರುವ ಗುಣ. ಆದ್ದರಿಂದ ವಾಫಲ್ ಹಿಟ್ಟಿನಲ್ಲಿ ಜಿಡ್ಡು ಹೆಚ್ಚಬೇಕು, ಸಕ್ಕರೆ ತಗ್ಗಬೇಕು, ಗೋಡೆಗಳು ತೆಳುವಾಗಬೇಕು. ಸಕ್ಕರೆ ಹೆಚ್ಚಿದ್ದರೆ ಬಣ್ಣ ಬೇಗ ಬಂದುಬಿಡುತ್ತದೆ. ಬೆಂದಿತೆಂದು ನಂಬಿ ನೀರು ಹೋಗುವ ಮುಂಚೆಯೇ ತೆಗೆಯುತ್ತೇವೆ. ಮೇಲಾಗಿ ಅದು ಗಾಳಿಯ ತೇವವನ್ನು ಎಳೆದುಕೊಳ್ಳುವ ಪದಾರ್ಥ.

ಇದಕ್ಕೆ ಉತ್ತಮ ಉದಾಹರಣೆ ಕ್ಯಾಲಿಫೋರ್ನಿಯಾದ ಪಾಕಲೇಖಕಿ ಮರಿಯನ್ ಕನ್ನಿಂಗ್‌ಹ್ಯಾಮ್ 1987ರ ತಮ್ಮ ‘ದ ಬ್ರೇಕ್‌ಫಾಸ್ಟ್ ಬುಕ್’ನಲ್ಲಿ ಕೊಟ್ಟ ಯೀಸ್ಟ್ ವಾಫಲ್. ಫ್ಯಾನಿ ಫಾರ್ಮರ್ ಹೆಸರಿನ ಹಳೆಯ ಅಡುಗೆ ಪುಸ್ತಕದಿಂದ ಅವರು ಅದನ್ನು ಎತ್ತಿಕೊಂಡಿದ್ದರು. ಅಮೆರಿಕದ ಎಷ್ಟೋ ಅಡಿಗೆಯವರು ಇಂದಿಗೂ ಅದನ್ನೇ ಅನುಸರಿಸುತ್ತಾರೆ. ಈ ಹಿಟ್ಟು ನಮ್ಮ ದೋಸೆ ಹಿಟ್ಟಿನ ನೆಂಟ. ರಾತ್ರಿ ಕಲಸಿ, ಮುಚ್ಚಿಟ್ಟು, ಬೆಳಿಗ್ಗೆ ಹುಯ್ಯುವುದು.

ಅದರ ಅರ್ಧ ಅಳತೆ ಹೀಗೆ. ಕಾಲು ಕಪ್ ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಒಣ ಯೀಸ್ಟ್ ಉದುರಿಸಿ ಐದು ನಿಮಿಷ ಬಿಡಬೇಕು. ನೀರು ಬೆರಳಿಗೆ ಹಿತವಾಗಿದ್ದರೆ ಸರಿ, ಸುಡುವಷ್ಟಿದ್ದರೆ ಯೀಸ್ಟ್ ಸಾಯುತ್ತದೆ. ಒಂದು ಕಪ್ ಬೆಚ್ಚಗಿನ ಹಾಲು, ಕಾಲು ಕಪ್ ಕರಗಿದ ಬೆಣ್ಣೆ, ಅರ್ಧ ಟೀ ಚಮಚ ಉಪ್ಪು, ಅರ್ಧ ಟೀ ಚಮಚ ಸಕ್ಕರೆ, ಒಂದು ಕಪ್ ಮೈದಾ ಸೇರಿಸಿ ನುಣ್ಣಗೆ ಕದಡಬೇಕು. ಪಾತ್ರೆ ದೊಡ್ಡದಿರಲಿ, ಹಿಟ್ಟು ದುಪ್ಪಟ್ಟಾಗುತ್ತದೆ. ಬೆಳಿಗ್ಗೆ ಒಂದು ಮೊಟ್ಟೆ, ಒಂದು ಚಿಟಿಕೆ ಸೋಡಾ ಸೇರಿಸಿದರೆ ಹಿಟ್ಟು ಕುಸಿದು ತೀರ ನೀರಾಗಿ ಕಾಣುತ್ತದೆ. ಗಾಬರಿಯಾಗಿ ಮೈದಾ ಸೇರಿಸಬಾರದು. ಅದು ಇರಬೇಕಾದದ್ದೇ ಹಾಗೆ.

ಒಂದೊಂದಕ್ಕೂ ಕಾರಣವಿದೆ. ಬೆಣ್ಣೆಯ ಪ್ರಮಾಣ ಪ್ಯಾನ್‌ಕೇಕಿಗಿಂತ ಎರಡೂವರೆ ಪಟ್ಟು. ಅದು ಹಿಟ್ಟಿನ ಮೈಯನ್ನು ಅಚ್ಚಿನ ಮೇಲೆ ಹುರಿದಂತೆ ಮಾಡುತ್ತದೆ. ನೀರಾದ ಹಿಟ್ಟು ಅಚ್ಚಿನ ಸಂದುಗೊಂದಿಗೆಲ್ಲ ಹರಿದು ತೆಳು ಪದರವಾಗುತ್ತದೆ, ಅದರ ನೀರು ಹಬೆಯಾಗಿ ಹೊರಟಾಗ ಒಳಗೆ ಟೊಳ್ಳು ಉಳಿಯುತ್ತದೆ. ರಾತ್ರಿಯಿಡೀ ನಿಂತದ್ದರಿಂದ ಮೈದಾ ಪೂರ್ತಿ ನೆನೆದಿರುತ್ತದೆ. ಯೀಸ್ಟ್ ಗಾಳಿಯ ಜೊತೆಗೆ ಸಣ್ಣ ಹುಳಿಯನ್ನೂ ಬ್ರೆಡ್ಡಿನ ಪರಿಮಳವನ್ನೂ ಕೊಟ್ಟಿರುತ್ತದೆ. ಬೆಳಗಿನ ಸೋಡಾ ಆ ಹುಳಿಯೊಂದಿಗೆ ಸೇರಿ ಕೊನೆಯ ಉಬ್ಬು ಕೊಡುತ್ತದೆ, ಬಣ್ಣ ತರುತ್ತದೆ. ಅದನ್ನು ರಾತ್ರಿಯೇ ಹಾಕಿದ್ದರೆ ಬೆಳಗಿನ ಹೊತ್ತಿಗೆ ಅದರ ಗಾಳಿ ಉಳಿಯುತ್ತಿರಲಿಲ್ಲ. ಹಸಿ ಮೊಟ್ಟೆ ರಾತ್ರಿಯೆಲ್ಲ ಹೊರಗೆ ಕೂರಬಾರದೆಂದು ಅದೂ ಬೆಳಿಗ್ಗೆಗೆ.

ಈ ಕ್ರಮವನ್ನು ನಮ್ಮ ಹವೆಗೆ ತಿದ್ದಿಕೊಳ್ಳಬೇಕು. ಮಂಗಳೂರಿನ ಸೆಕೆಯಲ್ಲೋ ಕಲಬುರಗಿಯ ಬೇಸಿಗೆಯಲ್ಲೋ ಎಂಟು ಗಂಟೆ ಹೊರಗಿಟ್ಟರೆ ಹಿಟ್ಟು ಉಬ್ಬಿ, ಮತ್ತೆ ಇಳಿದು, ಹೆಂಡದ ವಾಸನೆ ಹೊಡೆಯುತ್ತದೆ, ಹಾಲೂ ಕೆಡಬಹುದು. ಮೇಲೆ ನೊರೆ ಕಾಣುವವರೆಗೆ ಒಂದು ಗಂಟೆ ಹೊರಗಿಟ್ಟು ಆಮೇಲೆ ಫ್ರಿಜ್ಜಿಗೆ ಸೇರಿಸುವುದು ಕ್ಷೇಮ. ತಣ್ಣಗೂ ಯೀಸ್ಟ್ ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತದೆ.

ಅಚ್ಚು ಚೆನ್ನಾಗಿ ಕಾದ ಮೇಲೆ ಹುಯ್ದು ಮುಚ್ಚಿದರೆ ಸುತ್ತಲಿಂದ ಹಬೆ ಬುಸುಗುಡುತ್ತದೆ. ಯಂತ್ರದ ದೀಪವನ್ನು ನಂಬುವುದಕ್ಕಿಂತ ಈ ಹಬೆಯನ್ನು ನಂಬುವುದು ಮೇಲು. ಹಬೆ ಬರುತ್ತಿದೆಯೆಂದರೆ ಒಳಗೆ ಇನ್ನೂ ನೀರಿದೆ. ಅದು ಬಹುತೇಕ ನಿಂತ ಮೇಲೆ ತೆರೆದರೆ ವಾಫಲ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಅವಸರದಲ್ಲಿ ತೆರೆದರೆ ಎರಡು ಹೋಳಾಗಿ ಎರಡೂ ಅಚ್ಚಿಗೆ ಅಂಟುತ್ತದೆ.

ತೆಗೆದ ವಾಫಲನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿದರೆ ಅಷ್ಟೂ ಶ್ರಮ ವ್ಯರ್ಥ. ಒಳಗಿನ ತೇವ ಹೊರಪದರಕ್ಕೆ ಬರುತ್ತಲೇ ಇರುತ್ತದೆ. ತಟ್ಟೆಯ ಕೆಳಗೆ ಬೆವರಿದರೆ ಗರಿ ಹೋಯಿತು. ತಂತಿ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಬೇಕು. ಎಲ್ಲರೂ ಒಟ್ಟಿಗೆ ಕೂತು ತಿನ್ನುವುದಾದರೆ 100 ಡಿಗ್ರಿಯ ಓವನ್ನಿನಲ್ಲಿ ಜಾಲರಿಯ ಮೇಲೆಯೇ ಕಾಯಿಸಿಟ್ಟುಕೊಳ್ಳಬಹುದು. ರಾತ್ರಿ ಕಲಸಲು ಮರೆತವರು ಮೇಲೆ ಹೇಳಿದ ಪ್ಯಾನ್‌ಕೇಕ್ ಅಳತೆಯಲ್ಲೇ ಎರಡು ದೊಡ್ಡ ಚಮಚ ಮೈದಾ ತೆಗೆದು ಅಷ್ಟೇ ಅಕ್ಕಿ ಹಿಟ್ಟು ಅಥವಾ ಕಾರ್ನ್‌ಫ್ಲೋರ್ ಹಾಕಿ, ಬೆಣ್ಣೆಯನ್ನು ಕಾಲು ಕಪ್ಪಿಗೆ ಏರಿಸಿ, ಸಕ್ಕರೆಯನ್ನು ಒಂದು ಟೀ ಚಮಚಕ್ಕೆ ಇಳಿಸಿದರೆ ತಕ್ಕಮಟ್ಟಿನ ಗರಿ ಸಿಗುತ್ತದೆ. ಗ್ಲುಟೆನ್ ಇಲ್ಲದ ಈ ಹಿಟ್ಟುಗಳು ಹೊರಪದರವನ್ನು ನಾರಾಗಲು ಬಿಡುವುದಿಲ್ಲ. ಯೀಸ್ಟಿನ ಪರಿಮಳ ಮಾತ್ರ ಇದರಲ್ಲಿ ಬಾರದು.

ಹಿಂದಿನ ರಾತ್ರಿಯೇ ತಯಾರಿ ಮಾಡಿಟ್ಟುಕೊಳ್ಳುವುದು ಅನಿವಾರ್ಯವಾದರೆ ನೆನಪಿಡಬೇಕಾದದ್ದು ಇಷ್ಟೇ. ಯೀಸ್ಟ್ ಹಿಟ್ಟನ್ನು ಕಲಸಿಯೇ ಇಡಿ. ಸೋಡಾ, ಪೌಡರಿನ ಹಿಟ್ಟನ್ನು ಕಲಸಿಡಬೇಡಿ. ಒಣ ಪದಾರ್ಥಗಳನ್ನೆಲ್ಲ ಬೆರೆಸಿ ಒಂದು ಡಬ್ಬಿಯಲ್ಲಿ ಮುಚ್ಚಿಡಿ, ಮೊಸರು ಹಾಲಿನ ಮಿಶ್ರಣವನ್ನು ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಮೊಟ್ಟೆ, ಬೆಣ್ಣೆ ಸೇರಿಸಿ ಎರಡನ್ನೂ ಕೂಡಿಸಿ, ಕಾವಲಿ ಕಾಯಲು ಇಡಿ. ಕಾವಲಿ ಕಾದು ಹದಕ್ಕೆ ಬರುವ ಹೊತ್ತಿಗೆ ಹಿಟ್ಟಿಗೆ ಬೇಕಾದ ಹತ್ತು ನಿಮಿಷವೂ ಆಗಿರುತ್ತದೆ.